ಲಗ್ನಸಂಧಿಯ ಜಾತಕ: ರೂಪವನ್ನು ನೋಡಿ ಲಗ್ನ ನಿರ್ಣಯಿಸಿದ್ದು

ಪೂರ್ವದಲ್ಲಿ ಒಂದು ರಾಶಿ ಮುಗಿದು ಇನ್ನೊಂದು ಏಳುವ ಸಂಧಿಯಲ್ಲಿ ಹುಟ್ಟಿದವರ ಲಗ್ನವನ್ನು ಅವರ ರೂಪದಿಂದ ನಿರ್ಣಯಿಸುತ್ತೇನೆ ಎಂದಾಗ ನಮ್ಮ ಬಳಗದ ಹಿರಿಯರೊಬ್ಬರು, 'ದಪ್ಪಗಿದ್ದರೆ ಗುರು, ಸಣ್ಣಗಿದ್ದರೆ ಶನಿ ಎನ್ನುವುದು ಶಾಸ್ತ್ರವೇ?' ಎಂದು ಕೇಳಿದ್ದರು. ಹೋದ ವರ್ಷದ ಒಂದು ಜಾತಕ ಅವರನ್ನೂ ಒಪ್ಪಿಸಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಾಲ್ಕೈದು ವರ್ಷ ನಾನೂ ಬರೀ ರಾಶಿಯನ್ನು ಹಿಡಿದೇ ಸೋತವನು. ಸಿಂಹವೆಂದರೆ ಅಗಲವಾದ ಎದೆ, ಕಟಕವೆಂದರೆ ದುಂಡು ಮುಖ ಎಂದುಕೊಂಡಿದ್ದೆ. ಹಾಗೆ ನೋಡಿ ಒಂದು ಹುಡುಗಿಯ ಲಗ್ನವನ್ನು ತಪ್ಪಾಗಿ ಬದಲಿಸಿದೆ. ಇಲ್ಲದ ಕುಜದೋಷವನ್ನು ಹೇಳಿದಂತಾಯಿತು, ಬಂದಿದ್ದ ಸಂಬಂಧ ತಪ್ಪಿತು. ದಕ್ಷಿಣೆಯ ಐನೂರನ್ನು ಹಿಂದಿರುಗಿಸಿದೆ, ಆದರೆ ಆ ಮನೆಯವರು ಮತ್ತೆ ಬರಲಿಲ್ಲ. ಅವರ ಕಡೆಯ ಹತ್ತು ಹನ್ನೆರಡು ಮನೆಗಳೂ ಕೈತಪ್ಪಿದವು. ಲೆಕ್ಕ ಸೂಕ್ಷ್ಮವಾಗಲೆಂದು ಸುಮಾರು ಎಂಟು ಸಾವಿರ ಕೊಟ್ಟು ಹೊಸ ತಂತ್ರಾಂಶ ತಂದೆ. ಹುಟ್ಟಿದ ಹೊತ್ತೇ ತಪ್ಪಿರುವಾಗ ಕಲೆ ವಿಕಲೆಗಳಿಂದ ಏನು ಪ್ರಯೋಜನ?

ದಾರಿ ತೋರಿಸಿದ್ದು ವರಾಹಮಿಹಿರರ ಬೃಹಜ್ಜಾತಕದ ಮಾತು. ದೇಹದ ಆಕಾರವನ್ನು ಲಗ್ನದ ನವಾಂಶಾಧಿಪತಿಯಿಂದ, ಅಂದರೆ ರಾಶಿಯ ಒಂಬತ್ತು ಪಾಲುಗಳಲ್ಲಿ ಲಗ್ನ ಬಿದ್ದ ಪಾಲಿನ ಒಡೆಯನಿಂದ, ಇಲ್ಲವೇ ಬಲಿಷ್ಠ ಗ್ರಹದಿಂದ ತಿಳಿಯಬೇಕು. ಬಣ್ಣವನ್ನು ಚಂದ್ರನಿರುವ ನವಾಂಶದ ಅಧಿಪತಿಯಿಂದ ಹೇಳಬೇಕು. ಎಲ್ಲರೂ ಓದಿರುವ ಶ್ಲೋಕವೇ. ಎದುರಿಗೆ ಕುಳಿತವರ ಮೇಲೆ ಅದನ್ನು ಇಟ್ಟು ನೋಡುವವರು ಕಡಿಮೆ.

ಹೋದ ವರ್ಷದ ಆ ಜಾತಕದ ಯುವಕ ತುಮಕೂರಿನಲ್ಲಿ ಹುಟ್ಟಿದವನು, ಫೆಬ್ರವರಿ ನಡುಭಾಗ, ಕುಂಭ ಸಂಕ್ರಮಣದ ಸಂಜೆ. ಆಸ್ಪತ್ರೆಯ ಚೀಟಿಯಲ್ಲಿ 6:15 ಎಂದಿತ್ತು. ಸೂರ್ಯಾಸ್ತ ಹೆಚ್ಚುಕಡಿಮೆ 6:25ಕ್ಕೆ, ರವಿ ಕುಂಭದ ಆರಂಭದಲ್ಲಿ. ಹಾಗಾಗಿ ಆ ಹೊತ್ತಿಗೆ ಪೂರ್ವದಲ್ಲಿ ಕಟಕ ಮುಗಿದು ಸಿಂಹ ಏಳುತ್ತಿರುತ್ತದೆ. ಚೀಟಿಯ ಪ್ರಕಾರ ಕಟಕದ ಕೊನೆಯ ನವಾಂಶ, ಅಂದರೆ ಮೀನ, ಅಧಿಪತಿ ಗುರು. ಹತ್ತು ಹದಿನೈದು ನಿಮಿಷ ಮುಂದೆ ಹೋದರೆ ಸಿಂಹದ ಮೊದಲ ನವಾಂಶ ಮೇಷ, ಅಧಿಪತಿ ಕುಜ. ಇಲ್ಲಿ ರಾಶಿಚಕ್ರದ ಆರಂಭವನ್ನು ಎಲ್ಲಿಂದ ಎಣಿಸುವುದೆಂಬ ಅಯನಾಂಶವನ್ನೂ ಗಟ್ಟಿಮಾಡಿಕೊಳ್ಳಬೇಕು. ಚಿತ್ರಾಪಕ್ಷಕ್ಕೂ ರಾಮನ್ ಅಯನಾಂಶಕ್ಕೂ ಸುಮಾರು ಒಂದೂವರೆ ಅಂಶ ವ್ಯತ್ಯಾಸ, ಲಗ್ನದಲ್ಲಿ ಆರು ನಿಮಿಷ. ಸಂಧಿಯಲ್ಲಿ ಅಷ್ಟು ಸಾಕು ಲಗ್ನವೇ ಬದಲಾಗಲು. ನಾನು ಚಿತ್ರಾಪಕ್ಷವನ್ನು ಬಿಟ್ಟಿಲ್ಲ.

ಜಾತಕ ಬಿಡಿಸುವ ಮೊದಲು ಬಂದವರನ್ನು ಕಂಡಂತೆ ನಾಲ್ಕು ಸಾಲು ಬರೆದಿಡುವುದು ನನ್ನ ರೂಢಿ. ಈತ ಚಪ್ಪಲಿಯನ್ನು ಹೊಸ್ತಿಲ ಹೊರಗೆ ಒದ್ದಂತೆ ಬಿಟ್ಟು ಸರಸರನೆ ಒಳಗೆ ಬಂದ. ಕೂರುವ ಮೊದಲೇ ಮಾತು ಶುರು. ಒಣಕಲು ಮೈ, ಹಿಡಿಯಷ್ಟು ಸೊಂಟ, ನೆಟ್ಟ ನೋಟ. ಮೂವತ್ತು ದಾಟಿದ್ದರೂ ಕಾಲೇಜಿನ ಹುಡುಗನಂತಿದ್ದ. ಹಿರಿಯರು, 'ಸಿಂಹಕ್ಕೆ ಈ ಮೈ ಎಲ್ಲಿಯದು? ಕಟಕವೇ' ಎಂದರು. ಕುಜನ ರೂಪ ಹೇಳುವಾಗ ಕ್ರೂರ ದೃಷ್ಟಿ, ತರುಣ ಮೂರ್ತಿ, ಕೃಶವಾದ ನಡು ಎಂದಿದೆಯಲ್ಲ, ಅದು ನನ್ನ ಕಣ್ಣಮುಂದೆಯೇ ಕುಳಿತಿತ್ತು. ಜೊತೆಗೆ ಬಂದಿದ್ದ ತಂದೆ ಮತ್ತು ಅಣ್ಣ ಇಬ್ಬರೂ ಸ್ಥೂಲ ಶರೀರದವರು. ಮನೆತನದ ಚಹರೆಯನ್ನು ಕಳೆದು ಉಳಿದದ್ದನ್ನಷ್ಟೇ ಲಗ್ನಕ್ಕೆ ಹಚ್ಚಬೇಕು. ನನಗೆ ಇದು ತಿಳಿಯಲು ಬಹಳ ವರ್ಷ ಬೇಕಾಯಿತು.

ಆಮೇಲೆ ಆರೋಗ್ಯ ಕೇಳಿದೆ. ಕಟಕ ಲಗ್ನವಾದರೆ ಅಧಿಪತಿ ಚಂದ್ರ ಧನುಸ್ಸಿನಲ್ಲಿ, ಅದೂ ಕೃಷ್ಣಪಕ್ಷದ ಕ್ಷೀಣಚಂದ್ರ, ಆರನೆಯ ಮನೆ. ಸದಾ ಏನಾದರೊಂದು ಕಾಯಿಲೆ ಇರಬೇಕಿತ್ತು. ಸಿಂಹವಾದರೆ ರವಿ ಏಳರಲ್ಲಿ ನಿಂತು ತನ್ನ ಲಗ್ನವನ್ನೇ ನೋಡುತ್ತಾನೆ. 'ಜ್ವರ ಬಂದರೆ ಉರಿದು ಬರುತ್ತದೆ, ಎರಡು ದಿನದಲ್ಲಿ ಎದ್ದು ಓಡಾಡುತ್ತೇನೆ. ಆಸ್ಪತ್ರೆಯಲ್ಲಿ ಮಲಗಿದ್ದಿಲ್ಲ ಸ್ವಾಮಿ' ಎಂದ.

ಕೊನೆಯದು ದ್ರೇಕ್ಕಾಣ, ರಾಶಿಯ ಮೂರರಲ್ಲಿ ಒಂದು ಪಾಲು. ಸಿಂಹದ ಮೊದಲ ದ್ರೇಕ್ಕಾಣವಾದರೆ ಲಗ್ನವು ತಲೆ, ಅಲ್ಲಿ ಕುಜನಿದ್ದ. 'ತಲೆಯಲ್ಲಿ ಗಾಯದ ಗುರುತಿದೆಯೇ?' ಎಂದೆ. ಕೂದಲು ಸರಿಸಿ ತೋರಿಸಿದ: ಹಣೆಯ ಮೇಲಂಚಿನಲ್ಲಿ ಒಂದೂವರೆ ಇಂಚಿನ ಬಿಳಿ ಗೆರೆ. ಆರನೆಯ ವಯಸ್ಸಿನಲ್ಲಿ ಜಗುಲಿಯಿಂದ ಬಿದ್ದದ್ದಂತೆ. ಇದಲ್ಲದೆ ನಾನು ಕೇಳುವ ಇನ್ನೆರಡು ಪ್ರಶ್ನೆಗಳಿವೆ. ಅವು ನನ್ನಲ್ಲೇ ಇರಲಿ.

ಹದಿನೈದು ದಿನದ ಮೇಲೆ ಆ ಯುವಕನ ಅಜ್ಜ ಬಳಸುತ್ತಿದ್ದ ಪಂಚಾಂಗ ಸಿಕ್ಕಿತು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ 'ಗಂಡು, 6:31' ಎಂದು ಬರೆದಿತ್ತು. ಹಿರಿಯರು ಅದನ್ನು ಎರಡು ಸಲ ನೋಡಿ, ತಮ್ಮಲ್ಲಿದ್ದ ಮೂರು ಸಂಧಿ ಜಾತಕಗಳನ್ನು ನನಗೆ ಕಳುಹಿಸಿದರು.

ನಡುವೆ ಮೊಬೈಲಿಗೆ ಬರುವ ವಧೂವರರ ಫೋಟೋಗಳಿಂದಲೇ ಲಗ್ನ ಹೇಳಬಹುದೇ ಎಂದು ನಲವತ್ತು ಐವತ್ತು ನೋಡಿದೆ. ಕೈಗೆ ಏನೂ ಹತ್ತಲಿಲ್ಲ. ಎಲ್ಲರ ಮೈಬಣ್ಣವೂ ತಿದ್ದಿದ್ದು. ನಡಿಗೆ, ದನಿ ಫೋಟೋದಲ್ಲಿ ಇಲ್ಲ. ಇಪ್ಪತ್ತರೊಳಗಿನವರ ಮೈ ಇನ್ನೂ ನಿಂತಿರುವುದಿಲ್ಲ, ಅವರನ್ನು ಈ ಕ್ರಮದಿಂದ ನೋಡುವುದಿಲ್ಲ. ಅವಳಿಗಳಲ್ಲಿ ಎರಡು ಜೋಡಿಗೆ ಸರಿಬಂದಿದೆ, ಒಂದು ಜೋಡಿಗೆ ಪೂರ್ತಿ ತಪ್ಪಿದೆ. ಆ ಜಾತಕಗಳನ್ನು ಈಗಲೂ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೇನೆ.