ಸುನ್ನತಿ ಆದ ಮಗು: ಹಳದಿ ಪೊರೆ ಕಂಡರೆ ಒರೆಸಬೇಡಿ

ಹಸುಗೂಸಿಗೆ ಸುನ್ನತಿ ಮಾಡಿಸಿದ ಒಂದೆರಡು ದಿನದಲ್ಲಿ ತುದಿಯ ಮೇಲೆ ತೆಳುವಾದ ಹಳದಿ ಪೊರೆ ಕಾಣುತ್ತದೆ. ಕೀವು ಅಂದುಕೊಂಡು ತುಂಬಾ ಜನ ಅದನ್ನು ಒರೆಸಿಬಿಡುತ್ತಾರೆ. ಅದು ಗಾಯ ಮಾಯುವಾಗ ಕಟ್ಟುವ ಪೊರೆ. ಕಿತ್ತರೆ ಮತ್ತೆ ರಕ್ತ ಬರುತ್ತದೆ. ಸುಮ್ನೆ ಬಿಟ್ಟರೆ ವಾರ, ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ತುದಿ ಕೆಂಪಗಿದ್ದು ಸ್ವಲ್ಪ ಊದಿರುವುದೂ ಸಹಜ.

ಕೀವಾದರೆ ಕೆಟ್ಟ ವಾಸನೆ ಇರುತ್ತದೆ, ದಿನ ಕಳೆದಂತೆ ಊತ ಜಾಸ್ತಿಯಾಗುತ್ತದೆ, ಕೆಂಪು ಬಣ್ಣ ಬುಡದ ಕಡೆಗೆ ಹರಡುತ್ತದೆ. ಹೀಗಾದರೆ ಅಥವಾ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸುನ್ನತಿ ಆಗಿ 12 ಗಂಟೆ ಕಳೆದರೂ ಉಚ್ಚೆ ಹೊಯ್ಯದಿದ್ದರೂ ಅಷ್ಟೇ.

ಮೊದಲ ದಿನ ಡೈಪರ್‌ನಲ್ಲಿ ಒಂದೆರಡು ಹನಿ ರಕ್ತದ ಕಲೆ ಇರಬಹುದು. ರಕ್ತ ಒಸರುತ್ತಲೇ ಇದ್ದರೆ ಶುದ್ಧ ಗಾಜ್ ಬಟ್ಟೆಯಿಂದ ಮೆಲ್ಲಗೆ, ಕೈ ತೆಗೆಯದೆ 5 ನಿಮಿಷ ಒತ್ತಿ ಹಿಡಿಯಿರಿ. ಪದೇ ಪದೇ ತೆಗೆದು ನೋಡಬೇಡಿ. ಆಮೇಲೂ ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಡೈಪರ್ ಬದಲಿಸುವಾಗಲೆಲ್ಲ ಬೆಚ್ಚಗಿನ ನೀರಲ್ಲಿ ತೊಳೆದು ವ್ಯಾಸಲೀನ್ ಧಾರಾಳವಾಗಿ ಹಚ್ಚಿ, ಬಟ್ಟೆಗೆ ಅಂಟುವುದಿಲ್ಲ. ಪ್ಲಾಸ್ಟಿಕ್ ಉಂಗುರ ಹಾಕಿದ್ದರೆ ವ್ಯಾಸಲೀನ್ ಬೇಡ, ಉಂಗುರ ಎಳೆಯಲೂ ಬೇಡಿ. ಅರಿಶಿನ, ಪೌಡರ್ ಹಚ್ಚಲೇಬೇಡಿ, ಅಜ್ಜಿಯರು ಹೇಳಿದರೂ ಸರಿ.