ಹುಣಸೆಬೀಜದ ಬಜೆಟ್ಟಿನಲ್ಲಿ ಕಾಳಗ ಕಟ್ಟಿದ್ದು: ನನ್ನ ಅನುಭವ

ಪುಸ್ತಕದ ಲೆಕ್ಕದಲ್ಲಿ ಎಲ್ಲಾ ಸರಿಯಿದ್ದ ಕಾಳಗದಲ್ಲೇ ನಮ್ಮ ವಿಝಾರ್ಡ್ ಸತ್ತಿದ್ದು. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅದರಲ್ಲಿ ಡಿಎಂ ಆಗಿ ಕಥೆಯನ್ನೂ ವೈರಿಗಳನ್ನೂ ನಡೆಸುವವನು ನಾನು. ಮೊದಲನೇ ಲೆವೆಲ್ಲಿನ ನಾಲ್ಕು ಜನರ ಎದುರಿಗೆ ಒಂದು ಬಗ್‌ಬೇರ್, ಎರಡು ಗಾಬ್ಲಿನ್ ಇಟ್ಟಿದ್ದೆ. 2024ರ ಡಿಎಂ ಪುಸ್ತಕದ ಪ್ರಕಾರ ಇದು 'ಮಧ್ಯಮ' ಕಾಳಗ. ವೈರಿಗಳ ಬೆಲೆ ಅಳೆಯುವ ಎಕ್ಸ್‌ಪಿ ಒಂದೂ ಹೆಚ್ಚಿಲ್ಲ. ಎರಡನೇ ರೌಂಡಿನಲ್ಲಿ ಬಗ್‌ಬೇರ್‌ಗೆ ದಾಳದಲ್ಲಿ 20 ಬಿತ್ತು, ಅಂದರೆ ಕ್ರಿಟಿಕಲ್, ಏಟಿನ ದಾಳ ದುಪ್ಪಟ್ಟು. ವಿಝಾರ್ಡ್‌ನ ಎಚ್‌ಪಿ, ಅಂದರೆ ಪ್ರಾಣದ ಅಂಕ, 7. ಬಿದ್ದ ಏಟು ಇಪ್ಪತ್ತರ ಮೇಲೆ. ಸೊನ್ನೆಗಿಳಿದ ಮೇಲೂ ಉಳಿದ ಏಟು ಅವನ ಪೂರ್ತಿ ಎಚ್‌ಪಿಗಿಂತ ಜಾಸ್ತಿ. ಬದುಕುಳಿಯಲು ಉರುಳಿಸುವ ಡೆತ್ ಸೇವ್ ಕೂಡ ಇಲ್ಲ, ಅಲ್ಲೇ ಮುಗೀತು. "ಏನ್ ಗುರು, ಕ್ಯಾರೆಕ್ಟರ್ ಬರೆಯೋಕೆ ತಗೊಂಡಷ್ಟು ಟೈಮೂ ಆಡೋಕೆ ಸಿಗಲಿಲ್ಲ" ಅಂದ ನಮ್ಮ ಹುಡುಗ. ಅವನು ಶಿರಾದಿಂದ ಬಸ್ಸಿನಲ್ಲಿ ಬರುವವನು. ಮುಂದಿನ ಭಾನುವಾರ ಬರಲಿಲ್ಲ.

ನಾವು ಆಡುವುದು ತುಮಕೂರಿನಲ್ಲಿ, ಗೆಳೆಯನ ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ. ಅದಾದ ಮೇಲೆ ಸುಮಾರು ದಿನ ನಾನು ದುಡ್ಡು ಸುರಿದು ಸರಿಮಾಡಲು ನೋಡಿದೆ. ಎನ್‌ಕೌಂಟರ್ ಲೆಕ್ಕ ಹಾಕಿ ಕೊಡುವ ಆ್ಯಪ್ ಒಂದಕ್ಕೆ ತಿಂಗಳಿಗೆ ನಾನೂರು ಚಿಲ್ಲರೆ ಕಟ್ಟಿದೆ. ಅದು ಹೇಳುವುದೂ ಪುಸ್ತಕ ಹೇಳಿದ್ದನ್ನೇ, ಬಣ್ಣ ಮಾತ್ರ ಚೆನ್ನಾಗಿತ್ತು. ಮಿನಿಯೇಚರ್ ಪೆಟ್ಟಿಗೆಗೆ ಎರಡೂವರೆ ಸಾವಿರದ ಹತ್ತಿರ ಹೋಯಿತು. ಅದರಲ್ಲಿದ್ದ ಡ್ರ್ಯಾಗನ್ ಇವತ್ತಿಗೂ ಪೇಪರ್ ಹಾರದ ಹಾಗೆ ಅಂಗಡಿಯ ಟೇಬಲ್ ಮೇಲೆ ಕೂತಿದೆ. ದುಡ್ಡು ದಂಡವಾಗದೇ ಇದ್ದದ್ದು ಒಂದೇ, ಚೌಕುಳಿ ಹಾಕಿಸಿದ ಫ್ಲೆಕ್ಸ್. ಇನ್ನೂರೈವತ್ತು ರೂಪಾಯಿ ಆಗಿತ್ತೇನೋ. ಈಗ ಕಾಳಗ ಕಟ್ಟುವುದು ಅಮ್ಮನ ಡಬ್ಬಿಯಿಂದ ತಂದ ಹುಣಸೆಬೀಜದಲ್ಲಿ. ತುಮಕೂರಿನಲ್ಲಿ ಅದಕ್ಕೇನು ಬರವಿಲ್ಲ.

ಲೆಕ್ಕ ಇಷ್ಟೇ. ಒಂದು ಬೀಜ ಅಂದರೆ 25 ಎಕ್ಸ್‌ಪಿ. ಬ್ಯಾಂಡಿಟ್‌ಗೆ ಒಂದು ಬೀಜ, ಗಾಬ್ಲಿನ್‌ಗೆ ಎರಡು, ಥಗ್ ಅಥವಾ ಆರ್ಕ್‌ಗೆ ನಾಲ್ಕು, ಬಗ್‌ಬೇರ್‌ಗೆ ಎಂಟು. ಮೊದಲನೇ ಲೆವೆಲ್ಲಿನಲ್ಲಿ ತಲೆಗೆ ಮೂರು ಬೀಜ. ನಾಲ್ವರಿಗೆ ಹನ್ನೆರಡು. ಅದು 2024ರ ಪುಸ್ತಕದ ಮಧ್ಯಮ ಬಜೆಟ್. ಮಾನ್ಸ್ಟರ್‌ಗಳು, ಮಂತ್ರಗಳು ಮಾತ್ರ 2014ರವು, ಯಾಕೆಂದರೆ ನನ್ನ ಹತ್ತಿರ ಇರುವುದು ಅವೇ. ಹಳೇ ಪುಸ್ತಕದಲ್ಲಿ ವೈರಿಗಳ ಸಂಖ್ಯೆ ಹೆಚ್ಚಿದಷ್ಟೂ ಎಕ್ಸ್‌ಪಿಯನ್ನು ಒಂದೂವರೆ, ಎರಡು, ಎರಡೂವರೆಯಿಂದ ಗುಣಿಸಬೇಕಿತ್ತು. ಹೊಸದರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಬೆಂಗಳೂರಿನಲ್ಲಿ ಆಡಿಸುವ ನನ್ನ ಸೀನಿಯರ್ ಒಬ್ಬರು ಇದನ್ನು ಕೇಳಿ ನಕ್ಕರು. "ಗುಣಾಕಾರ ಇಲ್ಲದೆ ಬೀಜ ಎಣಿಸ್ತೀಯಾ? ಇದೇನು ಚೌಕಾಬಾರನಾ?" ಅಂದರು.

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಬರೀ ಬೀಜ ನಂಬಿದರೆ ಹನ್ನೆರಡು ಬೀಜಕ್ಕೆ ಹನ್ನೆರಡು ಬ್ಯಾಂಡಿಟ್ ಬರುತ್ತಾರೆ. ಒಬ್ಬೊಬ್ಬನ ಏಟು ಸರಾಸರಿ 4. ಅರ್ಧದಷ್ಟು ತಾಗದೇ ಹೋದರೂ ಒಂದೇ ರೌಂಡಿಗೆ 24 ಎಚ್‌ಪಿ ಖಾಲಿ. ನಮ್ಮ ನಾಲ್ವರದ್ದೂ ಸೇರಿಸಿದರೆ 39: ಫೈಟರ್ 12, ಕ್ಲೆರಿಕ್ 10, ರೋಗ್ 10, ವಿಝಾರ್ಡ್ 7. ಎರಡನೇ ರೌಂಡ್ ಮುಗಿಯುವಷ್ಟರಲ್ಲಿ ಎಲ್ಲರೂ ನೆಲಕ್ಕೆ. ಆ ಕಡೆ ನಮ್ಮವರು ಒಂದು ರೌಂಡಿಗೆ ಕೊಲ್ಲುವುದು ಹೆಚ್ಚೆಂದರೆ ಇಬ್ಬರನ್ನು. ಇದನ್ನು ಆಡಿಸಿಯೇ ನೋಡಬೇಕಾಗಿಲ್ಲ. ಆದರೂ ನಾನು ಮನೆಯಲ್ಲಿ ಒಬ್ಬನೇ ಕೂತು ಎರಡೂ ಕಡೆ ದಾಳ ಉರುಳಿಸಿ ನೋಡಿದೆ. ಪ್ರತಿ ಸಲವೂ ಹೆಚ್ಚುಕಮ್ಮಿ ಹೀಗೇ ಆಯಿತು.

ಅದಕ್ಕೇ ಬೀಜದ ಜೊತೆ ಎರಡು ಕಟ್ಟುಪಾಡು ಸೇರಿಸಿದೆ. ಗುಣಾಕಾರದ ಕೆಲಸವನ್ನು ಇವೇ ಮಾಡುತ್ತವೆ.

ಮೊದಲನೆಯದು ನೆಲದ ಮೇಲಿನ ಏಟು. ಈ ರೌಂಡಿನಲ್ಲಿ ಕಣಕ್ಕಿಳಿದ ವೈರಿಗಳೆಲ್ಲರ ಎಲ್ಲಾ ಏಟೂ ತಾಗಿತು ಅಂದುಕೊಂಡು ಸರಾಸರಿ ಕೂಡಿಸುತ್ತೇನೆ. ಅದು ಪಾರ್ಟಿಯ ಒಟ್ಟು ಎಚ್‌ಪಿಯ ಅರ್ಧ ದಾಟಬಾರದು. 39ಕ್ಕೆ ಅರ್ಧ ಅಂದರೆ 19. ಹನ್ನೆರಡು ಬ್ಯಾಂಡಿಟ್ ಅಂದರೆ 48, ಆಗದ ಮಾತು. ಬಗ್‌ಬೇರ್ 11, ಎರಡು ಗಾಬ್ಲಿನ್ 10, ಒಟ್ಟು 21. ಅದೂ ದಾಟಿತು, ನೋಡಿ. ಕೂಡಿಸುವಾಗ ಹಾಳೆಯಲ್ಲಿ ಬರೆದ ಎಚ್‌ಪಿ ಅಲ್ಲ, ಆ ಹೊತ್ತಿಗೆ ಉಳಿದಿರುವ ಎಚ್‌ಪಿ ಹಿಡಿಯಬೇಕು. ದಿನದ ಎರಡನೇ ಕಾಳಗದಲ್ಲಿ ನಮ್ಮವರದ್ದು 26ಕ್ಕೆ ಇಳಿದಿದ್ದರೆ ಮಿತಿ 13.

ಎರಡನೆಯದು ಬಡಪಾಯಿಯ ಲೆಕ್ಕ. ಎಲ್ಲರಿಗಿಂತ ಕಡಿಮೆ ಎಚ್‌ಪಿ ಇರುವವನದ್ದನ್ನು ಎರಡರಿಂದ ಗುಣಿಸಿ. ನಮ್ಮಲ್ಲಿ 14. ಯಾವ ವೈರಿಯ ಕ್ರಿಟಿಕಲ್ ಏಟಿನ ಸರಾಸರಿಯೂ ಅದನ್ನು ಮುಟ್ಟಬಾರದು. ಬಗ್‌ಬೇರ್ ಕ್ರಿಟಿಕಲ್‌ಗೆ ಸರಾಸರಿ 20, ಹೊರಗೆ. ಆರ್ಕ್‌ನ ದೊಡ್ಡ ಕೊಡಲಿಗೆ 16, ಅವನೂ ಹೊರಗೆ. ಬೀಜದಲ್ಲಿ ಆರ್ಕ್ ಮತ್ತು ಥಗ್ ಇಬ್ಬರ ಬೆಲೆಯೂ ನಾಲ್ಕೇ. ಆದರೆ ಥಗ್ ತನ್ನ ಏಟನ್ನು ಎರಡು ಸಣ್ಣ ಏಟಾಗಿ ಹಂಚುತ್ತಾನೆ, ಕ್ರಿಟಿಕಲ್ ಬಿದ್ದರೂ ಸರಾಸರಿ 9. ವಿಝಾರ್ಡ್ ಬೀಳುತ್ತಾನೆ, ಆದರೆ ಕ್ಲೆರಿಕ್ ಎಬ್ಬಿಸಬಹುದು. ನನಗೆ ಬೇಕಾಗಿದ್ದದ್ದು ಅದೇ. ಮೊದಲನೇ ಲೆವೆಲ್ಲಿನಲ್ಲಿ ಜನ ನೆಲಕ್ಕೆ ಬೀಳಲಿ, ಒಂದೇ ಏಟಿಗೆ ಸಾಯುವುದು ಬೇಡ.

ಇನ್ನು ಗೆದ್ದ ಕಾಳಗಕ್ಕೆ ಬರುತ್ತೇನೆ. ಜಾಗ ಮಧುಗಿರಿ ಕೋಟೆಯ ಹಾಗೆ ಏಕಶಿಲೆ ಬೆಟ್ಟ, ಕಡಿದಾದ ಮೆಟ್ಟಿಲು, ಮೇಲೊಂದು ದಿಡ್ಡಿ ಬಾಗಿಲು. ಹನ್ನೆರಡು ಬೀಜ ಕೈಯಲ್ಲಿ ಹಿಡಿದೆ. ಥಗ್‌ಗೆ ನಾಲ್ಕು. ಮೊದಲ ಇಬ್ಬರು ಬ್ಯಾಂಡಿಟ್‌ಗೆ ಎರಡು. ನೆಲದ ಏಟು ನೋಡಿ: ಥಗ್‌ನ ಎರಡು ಏಟು ಸೇರಿ 10, ಬ್ಯಾಂಡಿಟ್‌ಗಳದ್ದು 8, ಒಟ್ಟು 18. ಮಿತಿಯೊಳಗೆ. ಮೆಟ್ಟಿಲು ಹತ್ತುವವರಿಗೆ ಅರ್ಧ ವೇಗ, ಮೇಲಿದ್ದವರಿಗೆ ಮರೆ. ಈ ಅನುಕೂಲಕ್ಕೆ ಎರಡು ಬೀಜ ಕಳೆದೆ. ಪುಸ್ತಕದಲ್ಲಿ ಇದಕ್ಕೆ ಹೀಗೆ ಬೆಲೆ ಕಟ್ಟಿಲ್ಲ, ಕಟ್ಟಿದ್ದು ನಾನು. ಉಳಿದ ನಾಲ್ಕು ಬೀಜ ನಾಲ್ವರು ಬ್ಯಾಂಡಿಟ್ ಆಗಿ ಜೇಬಿಗೆ ಹೋದವು. ಇವರು ಜೋಡಿಯಾಗಿಯೇ ಬರಬೇಕು, ಅದೂ ನೆಲದ ಮೇಲೆ ಇಬ್ಬರು ಬಿದ್ದ ಮೇಲೆ. ಆಗ ಒಟ್ಟು ಬಜೆಟ್ ಹನ್ನೆರಡಾದರೂ ಒಂದು ರೌಂಡಿನ ಏಟು 18 ದಾಟುವುದಿಲ್ಲ.

ಮೊದಲ ರೌಂಡಿನಲ್ಲಿ ನಮ್ಮವರು ಮೆಟ್ಟಿಲಲ್ಲೇ ಏದುಸಿರು ಬಿಟ್ಟರು. ರೋಗ್‌ಗೆ ಕ್ರಾಸ್‌ಬೋ ಬಾಣ ಒಂದು ತಾಗಿತು. ಎರಡನೇ ರೌಂಡಿನಲ್ಲಿ ಹೊಸ ವಿಝಾರ್ಡ್ 'ಸ್ಲೀಪ್' ಹಾಕಿದ. ಐದು ಎಂಟು-ಮುಖದ ದಾಳ, ಸರಾಸರಿ 22 ಎಚ್‌ಪಿ. ಬ್ಯಾಂಡಿಟ್‌ಗೆ 11. ಇಬ್ಬರೂ ನಿದ್ದೆಗೆ. ಇದು ನನಗೆ ಮೊದಲೇ ಗೊತ್ತಿತ್ತು, ಸ್ಲೀಪ್ ಇರುವ ಪಾರ್ಟಿಗೆ ಜೇಬಿನಲ್ಲಿ ಎರಡು ಬೀಜ ಇಟ್ಟುಕೊಳ್ಳದೆ ಕೂರಬಾರದು. ಮೊದಲ ಜೋಡಿ ಇಳಿಸಿದೆ. ಮೂರನೇ ರೌಂಡಿನಲ್ಲಿ ಥಗ್ ವಿಝಾರ್ಡ್‌ನನ್ನು ಬೀಳಿಸಿದ. ಕ್ಲೆರಿಕ್ ಓಡಿ ಬಂದು ಎಬ್ಬಿಸಿದಳು. ನಾಲ್ಕೋ ಐದೋ ರೌಂಡಿಗೆ ಮುಗಿಯಿತು. ಫೈಟರ್‌ಗೆ ಉಳಿದಿದ್ದು 3 ಎಚ್‌ಪಿ, ರೋಗ್‌ಗೆ 4 ಇರಬೇಕು. ಯಾರೂ ಸಾಯಲಿಲ್ಲ. ಕೊನೆಯ ಜೋಡಿ ಜೇಬಿನಲ್ಲೇ ಉಳಿಯಿತು, ಅದು ಅವರಿಗೆ ಗೊತ್ತಾಗಲೂ ಇಲ್ಲ. ಶಿರಾದ ಹುಡುಗ ಕೊನೇ ಬಸ್ಸು ಬಿಟ್ಟು ಅಲ್ಲೇ ಮಲಗಿದ. ಆಟದ ಫೋಟೋ ಕಳಿಸಿದ ಮೇಲೆ ಸೀನಿಯರ್ ಒಂದು ವಾರ ಬಿಟ್ಟು ಮೆಸೇಜ್ ಹಾಕಿದರು: "ಆ ಬೀಜದ ಲೆಕ್ಕ ಸ್ವಲ್ಪ ಬರೆದು ಕಳಿಸೋ." ಕಳಿಸಿದೆ, ಥಗ್‌ನ ಎಚ್‌ಪಿ ವಿಷಯದಲ್ಲಿ ನಾನು ಮಾಡುವ ಒಂದು ಕೈಚಳಕ ಬಿಟ್ಟು. ಅದನ್ನು ಇಲ್ಲೂ ಬರೆಯಲ್ಲ, ನನ್ನ ಆಟಗಾರರು ಓದುತ್ತಾರೆ.

ನಡುವೆ ತೋಳಗಳ ಮೇಲೂ ಪ್ರಯೋಗ ಮಾಡಿದೆ. ಮೈದನಹಳ್ಳಿಯ ಹುಲ್ಲುಗಾವಲಿನಂಥ ಬಯಲು, ಮರೆ ಇಲ್ಲ, ಕತ್ತಲು. ತೋಳಕ್ಕೆ ಬೀಜ ಎರಡೇ, ಗಾಬ್ಲಿನ್‌ನಷ್ಟೇ. ಏಟು ಸರಾಸರಿ 7. ಎರಡು ತೋಳ ಅಂದರೆ 14, ಮಿತಿಯೊಳಗೇ ಇದೆ. ಆದರೂ ಆ ರಾತ್ರಿ ಪಾರ್ಟಿ ಓಡಿಹೋಗಬೇಕಾಯಿತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ನನ್ನ ಅರ್ಧದ ಮಿತಿ ನಿಂತಿರುವುದೇ ಎರಡರಲ್ಲಿ ಒಂದು ಏಟು ತಪ್ಪುತ್ತದೆ ಅನ್ನುವುದರ ಮೇಲೆ. ತೋಳದ ಜೊತೆಗಾರ ಏಟು ತಿನ್ನುವವನ ಪಕ್ಕದಲ್ಲಿದ್ದರೆ ಅದಕ್ಕೆ ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯುವುದು. ಆಗ ನಾಲ್ಕರಲ್ಲಿ ಮೂರು ಏಟು ತಾಗುತ್ತವೆ, ಜೊತೆಗೆ ಕಚ್ಚಿಸಿಕೊಂಡವನು ನೆಲಕ್ಕೆ ಉರುಳಲೂಬಹುದು. ಈಗ ಹೀಗೆ ಗುಂಪುಕಟ್ಟಿ ಅಡ್ವಾಂಟೇಜ್ ಪಡೆಯುವ ಯಾವುದೇ ವೈರಿಯ ಏಟನ್ನು ಒಂದೂವರೆಯಾಗಿ ಹಿಡಿಯುತ್ತೇನೆ. ಕೋಬೋಲ್ಡ್‌ಗೂ ಅದೇ. ಪುಸ್ತಕದಲ್ಲಿ ಥಗ್‌ಗೂ ಈ ಗುಣ ಇದೆ, ನಾನು ಆಡಿಸುವ ಥಗ್‌ಗೆ ಮಾತ್ರ ಅದನ್ನು ತೆಗೆದಿದ್ದೇನೆ. ಎರಡು ತೋಳ ಅಂದರೆ 21, ಅಂದರೆ ಪೂರ್ತಿ ಎಚ್‌ಪಿ ಇದ್ದಾಗಲೂ ಎರಡು ಜಾಸ್ತಿಯೇ.

ಎರಡನೇ ಲೆವೆಲ್ಲಿಗೆ ಬೀಜ ದುಪ್ಪಟ್ಟು, ತಲೆಗೆ ಆರು, ನಾಲ್ವರಿಗೆ ಇಪ್ಪತ್ನಾಲ್ಕು. ಎಚ್‌ಪಿ ಮಾತ್ರ ದುಪ್ಪಟ್ಟಾಗುವುದಿಲ್ಲ. ನಮ್ಮವರದ್ದು 39ರಿಂದ 66ಕ್ಕೆ ಬಂತು. ಹಾಗಾಗಿ ಪೂರ್ತಿ ಬಜೆಟ್ ಒಂದೇ ಸಲ ಸುರಿದರೆ ಮತ್ತೆ ಅದೇ ಕಥೆ. ನೆಲದ ಮಿತಿ 33 ಇಟ್ಟುಕೊಂಡು ಉಳಿದದ್ದನ್ನು ಜೇಬಿನಿಂದ ಇಳಿಸಿದರೆ ಸರಿಹೋಗುತ್ತದೆ. ಮೂರನೇ ಲೆವೆಲ್ಲಿಗೆ ತಲೆಗೆ ಒಂಬತ್ತು. ಅಲ್ಲಿಯವರೆಗೆ ನಂಬಬಹುದು. ಫೈರ್‌ಬಾಲ್ ಕೈಗೆ ಬಂದ ದಿನ ಬೀಜದ ಡಬ್ಬಿ ಅಮ್ಮನಿಗೆ ವಾಪಸ್.

ಒಬ್ಬರು ಬರದಿದ್ದರೆ ಏನು ಮಾಡುತ್ತೀಯ ಅಂತ ಬಹಳ ಜನ ಕೇಳುತ್ತಾರೆ. ಹೋದ ತಿಂಗಳು, ಮೊದಲನೇ ಲೆವೆಲ್ಲಿನ ಇನ್ನೊಂದು ತಂಡದಲ್ಲಿ, ಕ್ಲೆರಿಕ್ ಆಡುವವಳು ಅಕ್ಕನ ಮದುವೆಗೆ ಹೋಗಿದ್ದಳು. ಮೂವರಿಗೆ ಬೀಜ ಒಂಬತ್ತು. ಉಳಿದವರ ಎಚ್‌ಪಿ 29, ಮಿತಿ 14. ಅದೇ ಥಗ್, ಜೊತೆಗೆ ಒಬ್ಬನೇ ಬ್ಯಾಂಡಿಟ್, ಏಟು ಸರಿಯಾಗಿ 14. ಎಬ್ಬಿಸುವವರು ಯಾರೂ ಇಲ್ಲದ್ದರಿಂದ ಜೇಬಿನ ಬೀಜ ಮುಟ್ಟಲೇ ಇಲ್ಲ. ಅದರ ಬದಲು ಬಾಗಿಲ ಪಕ್ಕ ಒಂದು ಹೀಲಿಂಗ್ ಪೋಷನ್ ಇಟ್ಟಿದ್ದೆ. ರೋಗ್ ಅದನ್ನು ಕದ್ದು ಚೀಲಕ್ಕೆ ಹಾಕಿಕೊಂಡ, ಫೈಟರ್ ಬಿದ್ದಾಗಲೂ ತೆಗೆಯಲಿಲ್ಲ.