ತಿರುವಿಗೆ ಮೊದಲೇ ಕೈ ಹಗುರಾಗಬೇಕು: ಬ್ರಷ್ ಪೆನ್ ಕಲಿತ ನನ್ನ ಅನುಭವ

ಬ್ರಷ್ ಪೆನ್ ಎಂದರೆ ಒತ್ತಿದರೆ ದಪ್ಪಗೆರೆ, ಹಗುರಾಗಿ ಎಳೆದರೆ ತೆಳುಗೆರೆ ಬರುವ, ಕುಂಚದಂತೆ ಬಾಗುವ ತುದಿಯ ಪೆನ್. ನನ್ನ ಮೊದಲನೆಯದು ಒಂದೇ ವಾರದಲ್ಲಿ ಹಾಳಾಯಿತು. ಝೆರಾಕ್ಸ್ ಹಾಳೆಯ ಮೇಲೆ ದಿನವೂ ಬರೆದಿದ್ದೆ. ಕಣ್ಣಿಗೆ ನುಣುಪಾಗಿ ಕಂಡರೂ ಆ ಹಾಳೆಯ ಮೈ ಒರಟು. ತುದಿಯ ಎಳೆಗಳು ಬಿಚ್ಚಿಕೊಂಡ ಮೇಲೆ ತೆಳುಗೆರೆ ಬರಲೇ ಇಲ್ಲ. ಎರಡನೆಯದಾಗಿ ಟೊಂಬೊ ಕಂಪನಿಯ ಫುಡೆನೊಸುಕೆ ಎಂಬ ಗಟ್ಟಿ ತುದಿಯ ಪೆನ್ನನ್ನೂ ಲೇಸರ್ ಪ್ರಿಂಟರಿಗೆ ಬಳಸುವ ನುಣುಪು ಹಾಳೆಯನ್ನೂ ತಂದೆ. ಹೊಸಬರಿಗೆ ಗಟ್ಟಿಯಾದ ಸಣ್ಣ ತುದಿಯೇ ಒಳ್ಳೆಯದು. ಮೆತ್ತನೆಯ ದೊಡ್ಡ ತುದಿ ತುಸು ಒತ್ತಿದರೂ ಅಗಲವಾಗಿಬಿಡುತ್ತದೆ, ಕೈಗೆ ಲೆಕ್ಕವೇ ಸಿಗುವುದಿಲ್ಲ.

ಪೆನ್ನನ್ನು ನೆಟ್ಟಗೆ ಹಿಡಿಯಬಾರದು. ಹಾಳೆಗೆ ಸುಮಾರು 45 ಡಿಗ್ರಿ ಓರೆಯಾಗಿ ಮಲಗಿಸಿದರೆ ಒತ್ತಿದಾಗ ತುದಿಯ ಪಕ್ಕ ಹಾಳೆಗೆ ತಾಗಿ ಗೆರೆ ದಪ್ಪವಾಗುತ್ತದೆ. ನೆಟ್ಟಗೆ ಹಿಡಿದು ಒತ್ತಿದರೆ ಮೊನೆಯೇ ಮುರುಟುತ್ತದೆ.

ನಿಯಮ ಒಂದೇ: ಕೈ ಕೆಳಗೆ ಬರುವಾಗ ಒತ್ತು, ಮೇಲೆ ಹೋಗುವಾಗ ಹಗುರ. ಹೇಳುವಷ್ಟು ಸುಲಭವಲ್ಲ ಇದು, ಏಕೆಂದರೆ ಕಷ್ಟವಿರುವುದು ಗೆರೆಯಲ್ಲಲ್ಲ, ತಿರುವಿನಲ್ಲಿ. ನಾನು ಅಕ್ಷರಮಾಲೆಯ ಕ್ರಮವನ್ನು ಬಿಟ್ಟು ಇಂಗ್ಲಿಷಿನ ಸಣ್ಣ ‘ಯು’ದಿಂದ ಆರಂಭಿಸಿದೆ. ಪೆನ್ಸಿಲಿನಿಂದ 7 ಮಿಲಿಮೀಟರ್ ಅಂತರದ ಎರಡು ಗೆರೆ ಎಳೆದು, ಮೇಲಿನ ಗೆರೆಯಿಂದ ಒತ್ತಿ ಇಳಿದು, ಕೆಳಗೆ ತಿರುಗಿ, ತೆಳುವಾಗಿ ಮೇಲೇರಬೇಕು. ನನ್ನ ಮೊದಲ ಸಾಲುಗಳಲ್ಲಿ ಪ್ರತಿ ತಿರುವಿನ ತಳವೂ ಊದಿಕೊಂಡಿತ್ತು. ಕೆಳಗೆರೆ ಮುಟ್ಟಿದ ಮೇಲೆ ಒತ್ತು ಬಿಡುತ್ತಿದ್ದುದೇ ಕಾರಣ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಇಳಿಯುವ ದಾರಿಯಲ್ಲಿ ಮುಕ್ಕಾಲು ಭಾಗ ಮುಗಿಯುತ್ತಿದ್ದಂತೆಯೇ ಬೆರಳು ಸಡಿಲಿಸಬೇಕು. ತಿರುವಿನ ತಳ ತಲುಪುವಾಗ ಗೆರೆ ಆಗಲೇ ತೆಳುವಾಗಿರಬೇಕು. ಇದೊಂದು ಕೈಗೆ ಹತ್ತಲು ನನಗೆ ಹತ್ತು ದಿನ ಬೇಕಾಯಿತು.

ಆಮೇಲೆ ‘ಎನ್’. ಇಲ್ಲಿ ಎಲ್ಲವೂ ತಲೆಕೆಳಗು: ತೆಳುವಾಗಿ ಏರಿ, ಮೇಲೆ ತಿರುಗಿದ ನಂತರ ಒತ್ತು ಕೂಡಬೇಕು. ಒತ್ತುವ ಆತುರದಲ್ಲಿ ನೆತ್ತಿಯ ಮೇಲೆಯೇ ಶಾಯಿ ಗುಡ್ಡೆಯಾಗುತ್ತದೆ. ಸರಿ ಬಂದಿದೆಯೇ ಎಂದು ನೋಡಲು ನಾನು ಒಂದು ಉಪಾಯ ಕಂಡುಕೊಂಡೆ. ಕೆಳತಿರುವುಗಳ ಸಾಲಿನ ಹಾಳೆಯನ್ನು ತಲೆಕೆಳಗು ಮಾಡಿದರೆ ಅವು ಮೇಲ್ತಿರುವುಗಳಾಗಿ ಕಾಣುತ್ತವೆ. ಎರಡು ಸಾಲುಗಳನ್ನೂ ಪಕ್ಕಪಕ್ಕ ಇಟ್ಟಾಗ ಯಾವುದರ ತಿರುವು ಊದಿದೆ ಎಂಬುದು ತಟ್ಟನೆ ಕಣ್ಣಿಗೆ ಬೀಳುತ್ತದೆ.

ನನಗೆ ಅತ್ಯಂತ ಇಷ್ಟವಾದದ್ದು ‘ಎ’. ಅದು ಎರಡು ಎಳೆತಗಳ ಅಕ್ಷರ, ನಡುವೆ ಪೆನ್ ಎತ್ತಲೇಬೇಕು. ಮೊದಲನೆಯದು ಮೊಟ್ಟೆಯಾಕಾರ. ಅದನ್ನು ನಡುನೆತ್ತಿಯಿಂದಲ್ಲ, ಗಡಿಯಾರದಲ್ಲಿ 2 ಇರುವ ಜಾಗದಿಂದ ಆರಂಭಿಸಬೇಕು. ಅಲ್ಲಿಂದ ತೆಳುವಾಗಿ ಮೇಲಕ್ಕೆ ಎಡಕ್ಕೆ ಹೋಗಿ, ಎಡಬದಿಯಲ್ಲಿ ಒತ್ತಿ ಇಳಿದು, ತಳಕ್ಕೆ ಮುನ್ನ ಸಡಿಲಿಸಿ, ಬಲಬದಿಯಲ್ಲಿ ತೆಳುವಾಗಿ ಏರಿ ಹೊರಟಲ್ಲಿಗೇ ಸೇರುವುದು. ನೆತ್ತಿಯಿಂದ ಹೊರಟರೆ ಕೂಡಿಸಿದ ಗುರುತು ಮೇಲೆಯೇ ಎದ್ದು ಕಾಣುತ್ತದೆ. ಬಲಬದಿಯಲ್ಲಾದರೆ ಎರಡನೆಯ ಎಳೆತ ಅದನ್ನು ಮುಚ್ಚುತ್ತದೆ. ಪೆನ್ ಎತ್ತಿ, ಮೇಲ್ಗೆರೆಯಲ್ಲಿ ಮತ್ತೆ ಊರಿ, ಮೊಟ್ಟೆಯ ಬಲ ಅಂಚನ್ನು ಸವರಿಕೊಂಡು ‘ಯು’ವಿನದೇ ಕೆಳತಿರುವನ್ನು ಇಳಿಸಿದರೆ ಅಕ್ಷರ ಮುಗಿಯಿತು. ಮೊಟ್ಟೆಯ ಬಲಬದಿಯನ್ನು ಒತ್ತಿ ಬರೆದಿದ್ದರೆ ಮಾತ್ರ ಎರಡು ದಪ್ಪಗೆರೆಗಳು ಸೇರಿ ಕಪ್ಪು ಮುದ್ದೆಯಾಗುತ್ತದೆ.

ಈ ಮೂರು ಕೈಗೆ ಬಂದ ಮೇಲೆ ಉಳಿದವು ಬೇಗ ಬಂದವು. ‘ಡಿ’, ‘ಜಿ’, ‘ಕ್ಯೂ’ ಮೂರರಲ್ಲೂ ಅದೇ ಮೊಟ್ಟೆ, ‘ಐ’, ‘ಟಿ’ಗಳಲ್ಲಿ ಅದೇ ಕೆಳತಿರುವು, ‘ಎಂ’ ಎಂದರೆ ‘ಎನ್’ಗೆ ಇನ್ನೊಂದು ಕಮಾನು. ‘ಎಸ್’, ‘ಆರ್’, ‘ಝಡ್’ ಯಾವ ಗುಂಪಿಗೂ ಸೇರದೆ ಇಂದಿಗೂ ಸತಾಯಿಸುತ್ತವೆ.

ತೆಳುಗೆರೆ ನಡುಗುವುದು ಎಲ್ಲರಿಗೂ ಆಗುತ್ತದೆ. ಬೆರಳುಗಳಷ್ಟನ್ನೇ ಮಡಚಿ ಎಳೆಯುವ ಬದಲು ಮುಂಗೈಯನ್ನೂ ಜರುಗಿಸಿದಾಗ ನನ್ನ ನಡುಕ ಬಹಳ ಕಡಿಮೆಯಾಯಿತು.

ಈಚೆಗೆ ಕನ್ನಡದ ‘ಗ’ವನ್ನು ಹೀಗೆಯೇ ಬರೆಯುತ್ತಿದ್ದೇನೆ. ಕಮಾನಿಗೆ ‘ಎನ್’ನ ಮೇಲ್ತಿರುವೇ ಸಾಕು: ಎಡಗಾಲು ತೆಳು, ಬಲಗಾಲು ದಪ್ಪ. ತಲೆಕಟ್ಟು ಮಾತ್ರ ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ. ಅಡ್ಡಗೆರೆಗೆ ಆ ನಿಯಮ ಏನನ್ನೂ ಹೇಳುವುದಿಲ್ಲ. ಸದ್ಯಕ್ಕೆ ಅದನ್ನು ತೆಳುವಾಗಿ ಎಳೆದು ತುದಿಯಲ್ಲಿ ಚೂರು ಒತ್ತಿ ಬಿಡುತ್ತಿದ್ದೇನೆ.